ಪತ್ರೊಡೆ ವಿಡಿಯೋ ಏರಿಸುವ ಮೊದಲು: ನಮ್ಮ ಅಡುಗೆ ಚಾನೆಲ್‌ನ ಚೆಕ್‌ಲಿಸ್ಟ್ ಕಾರ್ಡ್

ನಮ್ಮ ಯೂಟ್ಯೂಬ್ ಚಾನೆಲ್‌ನಲ್ಲಿ ಅಡುಗೆ ಮಾಡುವುದು, ಮಾತಾಡುವುದು, ಎಡಿಟ್ ಮಾಡುವುದು ನನ್ನ ಕೆಲಸ. ವಿಡಿಯೋ ಏರಿಸುವುದು ಅತ್ತಿಗೆಯ ಮಗಳ ಕೆಲಸ. ಕಾಲೇಜು ಮುಗಿಸಿ ಸಂಜೆ ಬರುತ್ತಾಳೆ, ಲ್ಯಾಪ್‌ಟಾಪ್ ತೆರೆಯುತ್ತಾಳೆ. ಆ ಹೊತ್ತಿಗೆ ನಾನು ಒಲೆಯ ಮುಂದೆ ಇರುತ್ತೇನೆ. "ಅತ್ತೆ, ಟೈಟಲ್ ಏನು ಹಾಕಲಿ?" ಎಂದು ಅವಳು ಕೂಗಿದಾಗಲೆಲ್ಲ ಕೈ ತೊಳೆದು ಹೋಗಿ ನೋಡುವುದು ಆಗುವ ಮಾತಲ್ಲ. ಅದಕ್ಕಾಗಿ ಪೋಸ್ಟ್‌ಕಾರ್ಡ್ ಅಳತೆಯ ಒಂದು ರಟ್ಟಿನ ಮೇಲೆ ಚೆಕ್‌ಲಿಸ್ಟ್ ಬರೆದು ಲ್ಯಾಪ್‌ಟಾಪ್ ಪಕ್ಕದಲ್ಲಿ ಅಂಟಿಸಿದೆ. ಮಳೆಗಾಲದ ಆಟಿ ತಿಂಗಳಲ್ಲಿ ಹಾಕಿದ, ಕೆಸುವಿನ ಎಲೆಯ ಪತ್ರೊಡೆ ವಿಡಿಯೋವನ್ನೇ ಉದಾಹರಣೆಯಾಗಿಟ್ಟು ಆ ಕಾರ್ಡಿನಲ್ಲಿ ಏನಿದೆ, ಏಕಿದೆ ಎಂದು ಹೇಳುತ್ತೇನೆ.

ಬರೆಯುವಾಗ ಒಂದು ನಿಯಮ ಹಾಕಿಕೊಂಡೆ. "ಟೈಟಲ್ ಆಕರ್ಷಕವಾಗಿರಲಿ" ಎಂಬಂಥ ಸಾಲು ಕಾರ್ಡಿನಲ್ಲಿ ಇರಬಾರದು. ಆಕರ್ಷಕ ಹೌದೋ ಅಲ್ಲವೋ ಎಂದು ಇಪ್ಪತ್ತರ ಹುಡುಗಿ ಹೇಗೆ ತೀರ್ಮಾನಿಸಬೇಕು? ಕಣ್ಣಲ್ಲಿ ನೋಡಿ ಹೌದು ಅಥವಾ ಇಲ್ಲ ಎಂದು ಗುರುತು ಹಾಕುವಂಥ ಪ್ರಶ್ನೆಗಳು ಮಾತ್ರ ಇರಬೇಕು. ಟೈಟಲ್‌ಗೆ ಅಂಥವು ಮೂರು ಸಿಕ್ಕವು. ಅಡುಗೆಯ ಹೆಸರು ಮೊದಲ ಪದವಾಗಿದೆಯೇ? ಈ ಅಡುಗೆಯಲ್ಲಿ ಜನ ಹೆದರುವ ಒಂದು ವಿಷಯಕ್ಕೆ ಉತ್ತರ ಇದೆಯೇ? ಇಂಗ್ಲಿಷ್ ಅಕ್ಷರದಲ್ಲಿ ಹೆಸರು ಒಮ್ಮೆ ಬಂದಿದೆಯೇ?

ಹೆಸರು ಮೊದಲೇ ಬರಬೇಕು ಎನ್ನುವುದಕ್ಕೆ ಕಾರಣ ಫೋನಿನ ಪರದೆ. ಉದ್ದದ ಟೈಟಲ್ ಅಲ್ಲಿ ಅರ್ಧಕ್ಕೇ ಕತ್ತರಿಸಿ ಕಾಣುತ್ತದೆ. "ಮಳೆಗಾಲಕ್ಕೆ ಬಿಸಿಬಿಸಿಯಾಗಿ ಅಜ್ಜಿ ಕಾಲದ ರುಚಿಯಲ್ಲಿ" ಎಂದು ಶುರು ಮಾಡಿದರೆ ಪತ್ರೊಡೆ ಎಂಬ ಪದ ಕತ್ತರಿಸಿದ ಭಾಗಕ್ಕೆ ಹೋಗುತ್ತದೆ. ಇನ್ನು ಹೆದರುವ ವಿಷಯ. ಪತ್ರೊಡೆಯಲ್ಲಿ ಅದು ಕೆಸುವಿನ ಎಲೆಯ ಕೆರೆತ. ಹೊಸದಾಗಿ ಮಾಡುವವರು ಕೇಳುವುದು ಅದೊಂದನ್ನೇ. ಹಾಗಾಗಿ ನಮ್ಮ ಟೈಟಲ್ ಹೀಗಾಯಿತು:

```
ಪತ್ರೊಡೆ: ಗಂಟಲು ಕೆರೆಯದ ಹಾಗೆ ಮಾಡುವ ಕ್ರಮ | Pathrode Recipe in Kannada
```

ಕನ್ನಡದಲ್ಲಿ ಟೈಟಲ್ ಬರೆಯುವವರಿಗೆ ಇಲ್ಲಿ ಒಂದು ಸೂಕ್ಷ್ಮ ಇದೆ. ಟೈಟಲ್‌ಗೆ ಯೂಟ್ಯೂಬ್ ಕೊಡುವ ಮಿತಿ 100 ಅಕ್ಷರ. ಆದರೆ ಅದರ ಎಣಿಕೆಯಲ್ಲಿ ವ್ಯಂಜನ ಬೇರೆ, ಸ್ವರಚಿಹ್ನೆ ಬೇರೆ, ಒತ್ತಕ್ಷರದ ನಡುವೆ ಅಡಗಿರುವ ಅರ್ಧಾಕ್ಷರದ ಚಿಹ್ನೆಯೂ ಬೇರೆ. ನಮ್ಮ ಕಣ್ಣಿಗೆ ಮೂರು ಅಕ್ಷರವಾಗಿ ಕಾಣುವ "ಪತ್ರೊಡೆ" ಅಲ್ಲಿ ಏಳು. ಮೇಲಿನ ಟೈಟಲ್ ಪೂರ್ತಿ 66. ಎರಡು ಮೂರು ಒತ್ತಕ್ಷರದ ಪದ ಸೇರಿಸಿದರೆ ಮಿತಿ ಬೇಗ ಮುಗಿಯುತ್ತದೆ. ಅದಕ್ಕೆ ಕಾರ್ಡಿನಲ್ಲಿ "ಎಣಿಕೆ 70ರ ಒಳಗೆ" ಎಂದು ಬರೆದಿದ್ದೇನೆ. 70 ನಾನೇ ಇಟ್ಟುಕೊಂಡ ಗಡಿ, ಯೂಟ್ಯೂಬಿನದಲ್ಲ.

ಡಿಸ್ಕ್ರಿಪ್ಶನ್‌ನಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಹಟ ಹಿಡಿಯುವುದು ಅಳತೆಯ ವಿಷಯದಲ್ಲಿ. ವಿಡಿಯೋದಲ್ಲಿ ಬಾಯಿಂದ ಹೇಳಿದ ಅಳತೆಯೂ ಕೆಳಗೆ ಬರೆದ ಅಳತೆಯೂ ಒಂದೇ ಆಗಿರಬೇಕು. ಅಡುಗೆ ಮಾಡುವವರು ವಿಡಿಯೋ ಒಮ್ಮೆ ನೋಡುತ್ತಾರೆ; ಆಮೇಲೆ ಫೋನನ್ನು ಡಬ್ಬಕ್ಕೆ ಒರಗಿಸಿ ಪಟ್ಟಿ ನೋಡಿಕೊಂಡೇ ಮಾಡುತ್ತಾರೆ. ಪತ್ರೊಡೆಯಲ್ಲಿ ಹುಣಸೆಹುಳಿ ರುಚಿಗೆ ಮಾತ್ರ ಹಾಕುವುದಲ್ಲ, ಎಲೆಯ ಕೆರೆತ ತಗ್ಗಿಸುವುದೂ ಅದೇ. ಎರಡು ಲೋಟ ಬೆಳ್ತಿಗೆ ಅಕ್ಕಿಗೆ ದೊಡ್ಡ ನಿಂಬೆ ಗಾತ್ರದ ಹುಣಸೆ ಎಂದು ನಾನು ಹೇಳಿ, ಪಟ್ಟಿಯಲ್ಲಿ "ಹುಣಸೆಹಣ್ಣು ಸ್ವಲ್ಪ" ಎಂದಿದ್ದರೆ, ನಂಬಿ ಮಾಡಿದವರ ಗಂಟಲಿಗೆ ತೊಂದರೆ. ಆದ್ದರಿಂದ ಕಾರ್ಡಿನ ಸಾಲು ಹೀಗಿದೆ: "ಇಯರ್‌ಫೋನ್ ಹಾಕಿ ವಿಡಿಯೋ ಪೂರ್ತಿ ಕೇಳು. ಹೇಳಿದ ಪ್ರತಿ ಅಳತೆಗೂ ಪಟ್ಟಿಯಲ್ಲಿ ಗುರುತು ಹಾಕು. ಹೇಳದೆ ಬರೆದದ್ದು, ಬರೆಯದೆ ಹೇಳಿದ್ದು ಇದ್ದರೆ ನಿಲ್ಲಿಸಿ ಅತ್ತೆಯನ್ನು ಕೇಳು." ಕಾರ್ಡಿನಲ್ಲಿ ನನ್ನನ್ನು ಕರೆಯಬೇಕಾದ ಜಾಗ ಇದೊಂದೇ.

ಮೊದಲ ಎರಡು ಸಾಲು ಬೇರೆಯೇ ಲೆಕ್ಕ. ಡಿಸ್ಕ್ರಿಪ್ಶನ್‌ಗೆ 5000 ಅಕ್ಷರದ ಜಾಗ ಇದ್ದರೂ, ಒತ್ತಿ ತೆರೆಯುವ ಮೊದಲು ಕಾಣುವುದು ಆರಂಭದ ಒಂದೆರಡು ಸಾಲು ಮಾತ್ರ. ಅಲ್ಲಿ "ಎಲ್ಲರಿಗೂ ನಮಸ್ಕಾರ" ಬೇಡ. "ಕೆಸುವಿನ ಎಲೆ, ಬೆಳ್ತಿಗೆ ಅಕ್ಕಿ, ತೆಂಗಿನಕಾಯಿ ಮಸಾಲೆಯ ಪತ್ರೊಡೆ. ಎಲೆ ಆರಿಸುವುದರಿಂದ ಹಬೆಯಲ್ಲಿ ಬೇಯಿಸುವವರೆಗೆ" ಎಂದರೆ ಸಾಕು. ಅದರ ಕೆಳಗೆ ಅಳತೆ ಪಟ್ಟಿ, ಅದಕ್ಕೂ ಕೆಳಗೆ ಸಮಯದ ಪಟ್ಟಿ:

```
0:00 ಪತ್ರೊಡೆ
0:40 ಎಲೆ ಆರಿಸಿ ನಾರು ತೆಗೆಯುವುದು
2:15 ಮಸಾಲೆ ರುಬ್ಬುವುದು
4:30 ಎಲೆಗೆ ಹಚ್ಚಿ ಸುತ್ತುವುದು
7:10 ಹಬೆಯಲ್ಲಿ ಬೇಯಿಸುವುದು
8:20 ಒಗ್ಗರಣೆ
```

ಈ ಪಟ್ಟಿ ಅಧ್ಯಾಯಗಳಾಗಿ ಬದಲಾಗಬೇಕಾದರೆ ಮೊದಲ ಸಾಲು 0:00 ಇರಲೇಬೇಕು, ಕನಿಷ್ಠ ಮೂರು ಸಾಲು ಇರಬೇಕು, ಸಮಯ ಏರುತ್ತಾ ಹೋಗಬೇಕು, ಯಾವ ಭಾಗವೂ 10 ಸೆಕೆಂಡಿಗಿಂತ ಚಿಕ್ಕದಾಗಿರಬಾರದು. ಒಂದು ತಪ್ಪಿದರೂ ಯೂಟ್ಯೂಬ್ ಬೈಯುವುದಿಲ್ಲ, ಅಧ್ಯಾಯಗಳು ಸುಮ್ಮನೆ ಕಾಣುವುದಿಲ್ಲ. ವಿಡಿಯೋದ ಕೆಳಗಿನ ಗೆರೆ ತುಂಡು ತುಂಡಾಗಿ ಕಂಡರೆ ಸರಿಯಾಗಿದೆ ಎಂದರ್ಥ. ಎಲೆ ಸುತ್ತುವ ಭಾಗಕ್ಕೆ ಜನ ಮತ್ತೆ ಮತ್ತೆ ಹಿಂದಕ್ಕೆ ಹೋಗುವುದರಿಂದ ಪತ್ರೊಡೆಯಂಥ ಅಡುಗೆಗೆ ಇದು ಬಹಳ ಉಪಕಾರಿ.

ಟ್ಯಾಗ್ ವಿಷಯ ಚಿಕ್ಕದು. ಹುಡುಕಾಟದಲ್ಲಿ ಟ್ಯಾಗ್‌ಗಳ ಪಾತ್ರ ತೀರಾ ಕಡಿಮೆ, ಜನ ಹೆಸರನ್ನು ಬೇರೆ ಬೇರೆ ರೀತಿ ಬರೆಯುವಾಗ ಮಾತ್ರ ಉಪಯೋಗ ಎಂದು ಯೂಟ್ಯೂಬೇ ಹೇಳುತ್ತದೆ. ಪತ್ರೊಡೆ ಅಂಥ ಅಡುಗೆಯೇ. ಹಾಗಾಗಿ ಇಷ್ಟು ಹಾಕಿದೆವು:

```
ಪತ್ರೊಡೆ, ಪತ್ರೋಡೆ, pathrode, patrode, kesuvina ele, colocasia leaves recipe
```

ಒಟ್ಟು 500 ಅಕ್ಷರದ ಜಾಗ ಇದೆ ಎಂದು ತುಂಬಿಸುವ ಅಗತ್ಯವಿಲ್ಲ. ಮಹಾರಾಷ್ಟ್ರದ ಅಳೂವಡಿಯ ಹೆಸರನ್ನೂ ಸೇರಿಸೋಣವೇ ಎಂದು ಅವಳು ಕೇಳಿದಳು. ಎಲೆ ಅದೇ ಆದರೂ ಅದಕ್ಕೆ ಕಡಲೆಹಿಟ್ಟು, ನಮ್ಮದಕ್ಕೆ ಅಕ್ಕಿ. ಅದನ್ನು ಹುಡುಕಿ ಬಂದವರಿಗೆ ಬೇರೆ ತಿಂಡಿ ತೋರಿಸುವುದು ಸರಿಯಲ್ಲ ಎಂದೆ. ಬೇರೆ ಚಾನೆಲ್‌ಗಳ ಹೆಸರು ಹಾಕುವುದಂತೂ ನಿಯಮಕ್ಕೇ ವಿರುದ್ಧ. ಟ್ಯಾಗ್‌ಗಳ ರಾಶಿಯನ್ನು ಡಿಸ್ಕ್ರಿಪ್ಶನ್‌ನಲ್ಲಿ ಸುರಿಯುವುದೂ ಹಾಗೆಯೇ. ಕಾರ್ಡಿನಲ್ಲಿ ಒಂದೇ ಸಾಲು: "ಈ ಅಡುಗೆಯ ಹೆಸರಿನ ಬೇರೆ ಬರಹಗಳು ಮಾತ್ರ."

ಭಾಷೆಯ ವಿಷಯಕ್ಕೆ ಹೆಚ್ಚು ಹೊತ್ತು ಕೊಡಬೇಕು, ಏಕೆಂದರೆ ಆ ಜಾಗ ತೆರೆದೇ ಕಾಣುವುದಿಲ್ಲ. ವಿವರಗಳ ಪುಟದಲ್ಲಿ ಕೆಳಗೆ Show more ಒತ್ತಿದರೆ ಮಾತ್ರ Video language ಮತ್ತು Title and description language ಎಂಬ ಎರಡು ಆಯ್ಕೆಗಳು ಸಿಗುತ್ತವೆ. ಮೊದಲನೆಯದು ನಾನು ವಿಡಿಯೋದಲ್ಲಿ ಮಾತಾಡುವ ಭಾಷೆ, ಎರಡನೆಯದು ನಾವು ಬರೆದ ಭಾಷೆ. ನಮ್ಮಲ್ಲಿ ಎರಡೂ Kannada. ಮೊದಲನೆಯದು English ಎಂದಿದ್ದರೆ ನನ್ನ ಕನ್ನಡವನ್ನು ಇಂಗ್ಲಿಷ್ ಎಂದುಕೊಂಡು ಯಂತ್ರ ಅರ್ಥವಿಲ್ಲದ ಸಬ್‌ಟೈಟಲ್ ಬರೆಯುತ್ತದೆ. ಕೆಸು ಎಂದದ್ದು ಯಾವುದೋ ಇಂಗ್ಲಿಷ್ ಪದವಾಗಿ ಮೂಡುತ್ತಿದ್ದರೆ ಕಾರಣ ಇದೇ.

ಎರಡೂ ಪ್ರತಿ ಸಲ ಒಂದೇ ಆಗಿರುವುದರಿಂದ ಯೂಟ್ಯೂಬ್ ಸ್ಟುಡಿಯೋದ Settings ಒಳಗೆ Upload defaults ನಲ್ಲಿ ಒಮ್ಮೆ ತುಂಬಿಸಿಟ್ಟೆ. ಬದಲಾಗದ್ದೆಲ್ಲ ಅಲ್ಲಿಗೆ ಹೋದ ಮೇಲೆ ಕಾರ್ಡಿನಲ್ಲಿ ಪ್ರತಿ ವಿಡಿಯೋಗೆ ಬದಲಾಗುವುದಷ್ಟೇ ಉಳಿಯಿತು. ಆದರೂ ಭಾಷೆಯ ಸಾಲನ್ನು ಅಳಿಸಲಿಲ್ಲ. ಆ ಡೀಫಾಲ್ಟ್ ಕಂಪ್ಯೂಟರಿನ ಬ್ರೌಸರ್‌ನಿಂದ ಏರಿಸಿದಾಗ ಮಾತ್ರ ಅನ್ವಯ. ಕರೆಂಟ್ ಹೋಗಿ ಫೋನಿನಿಂದ ಏರಿಸಿದರೆ ಅನ್ವಯವಾಗುವುದಿಲ್ಲ. ನಮ್ಮ ಊರಿನ ಮಳೆಗಾಲದಲ್ಲಿ ಅದು ಅಪರೂಪವೇನಲ್ಲ. ಆದ್ದರಿಂದ ಕಾರ್ಡ್ ಹೇಳುತ್ತದೆ: "ಫೋನಿನಿಂದ ಏರಿಸಿದೆಯಾ? ಹಾಗಿದ್ದರೆ ಎರಡೂ ಭಾಷೆ ಕೈಯಾರೆ ನೋಡು."

ಟೈಟಲ್‌ಗೆ ಬೇರೆ ಭಾಷೆಯ ಅನುವಾದ ಸೇರಿಸುವ ಸೌಲಭ್ಯವೂ ಇದೆ. ಹಾಗೆ ಸೇರಿಸಿದರೆ, ಯೂಟ್ಯೂಬನ್ನು ಇಂಗ್ಲಿಷ್‌ನಲ್ಲಿ ಇಟ್ಟುಕೊಂಡವರಿಗೆ ಇಂಗ್ಲಿಷ್ ಟೈಟಲ್ ಕಾಣುತ್ತದೆ. ದುಬೈಯಲ್ಲೋ ಪುಣೆಯಲ್ಲೋ ಬೆಳೆದು ಕನ್ನಡ ಓದಲು ಬಾರದ ನಮ್ಮವರ ಮಕ್ಕಳಿಗೆ ಇದು ಒಳ್ಳೆಯದು. ಆದರೆ ನಮ್ಮ ಊರಿನಲ್ಲೇ ಕನ್ನಡ ಚೆನ್ನಾಗಿ ಓದುವ ಎಷ್ಟೋ ಮಂದಿಯ ಫೋನ್ ಇಂಗ್ಲಿಷ್‌ನಲ್ಲೇ ಇರುತ್ತದೆ. ಅವರಿಗೂ ಇಂಗ್ಲಿಷ್ ಟೈಟಲ್ಲೇ ಕಾಣುತ್ತದೆ, ಇದು ಕನ್ನಡ ವಿಡಿಯೋ ಎಂಬ ಸುಳಿವೇ ಸಿಗುವುದಿಲ್ಲ. ಅದಕ್ಕೆ ಇಂಗ್ಲಿಷ್ ಅನುವಾದದಲ್ಲೂ ಮೊದಲ ಪದ ಕನ್ನಡ ಲಿಪಿಯ "ಪತ್ರೊಡೆ" ಇರಬೇಕು ಎಂದು ತೀರ್ಮಾನಿಸಿದೆ.

ಥಂಬ್‌ನೇಲ್‌ನ ಅಳತೆ 1280×720. ಫೈಲ್ ಜೆಪಿಜಿ, 2 ಎಂಬಿ ಒಳಗೆ ಇಟ್ಟರೆ ಎಲ್ಲಿಂದ ಹಾಕಿದರೂ ತಕರಾರಿಲ್ಲ. ಕೆಳಗಿನ ಬಲ ಮೂಲೆಯಲ್ಲಿ ವಿಡಿಯೋದ ಅವಧಿಯ ಕಪ್ಪು ಚೌಕ ಕೂರುವುದರಿಂದ ಅಲ್ಲಿ ಅಕ್ಷರವೂ ಬೇಡ, ತಟ್ಟೆಯ ಮುಖ್ಯ ಭಾಗವೂ ಬೇಡ. ಬೆಂದ ಪತ್ರೊಡೆ ಕಂದು ಹಸಿರು, ದೂರದಿಂದ ಕತ್ತಲೆಯ ಮುದ್ದೆಯಂತೆ ಕಾಣುತ್ತದೆ. ಬಿಲ್ಲೆಗಳಾಗಿ ಕತ್ತರಿಸಿ, ಸುರುಳಿ ಕಾಣುವ ಹಾಗೆ ನಿಲ್ಲಿಸಿ, ಮೇಲೆ ತೆಂಗಿನೆಣ್ಣೆ ಸವರಿ, ಕಿಟಕಿಯ ಬೆಳಕಿನಲ್ಲಿ ಬಿಳಿ ತಟ್ಟೆಯ ಮೇಲೆ ತೆಗೆದ ಫೋಟೋ ಆರಿಸಿದೆವು. ಫೋಟೋ ಆ ದಿನ ಮಾಡಿದ ಅಡುಗೆಯದ್ದೇ ಆಗಿರಬೇಕು.

ಅಕ್ಷರದ ವಿಷಯದಲ್ಲಿ ಕನ್ನಡಕ್ಕೆ ತನ್ನದೇ ತೊಡಕು. ಕೆಲವು ಡಿಸೈನ್ ಆ್ಯಪ್‌ಗಳಲ್ಲಿ ಒತ್ತು ಮುರಿದು ಬೀಳುತ್ತದೆ. "ಪತ್ರೊಡೆ"ಯ ರ ಒತ್ತು ತ ಕೆಳಗೆ ಕೂರದೆ "ಪತ್‌ರೊಡೆ" ಎಂದು ಬಿಡಿಬಿಡಿಯಾಗುತ್ತದೆ. ಎರಡು ಸಾಲು ಒತ್ತಾಗಿಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ತೀರಾ ದಪ್ಪ ಫಾಂಟ್ ಹಾಕಿದರೆ ಚಿಕ್ಕ ಗಾತ್ರದಲ್ಲಿ ಅಕ್ಷರದ ಒಳಗಿನ ಖಾಲಿ ಜಾಗ ತುಂಬಿಹೋಗಿ ಓದಲಾಗುವುದಿಲ್ಲ. ನಾವು ಒಂದೇ ಸಾಲು, "ಕೆರೆಯದ ಪತ್ರೊಡೆ", ಮಧ್ಯಮ ದಪ್ಪದಲ್ಲಿ ಹಾಕಿದೆವು. ಪರೀಕ್ಷೆ ಸುಲಭ: ಫೋಟೋವನ್ನು ಫೋನಿಗೆ ಕಳಿಸಿ, ಗ್ಯಾಲರಿಯ ಚಿಕ್ಕ ಚೌಕದಲ್ಲಿ, ತೆರೆಯದೆ ನೋಡುವುದು. ಅಲ್ಲಿ ಓದಲು ಆಗದಿದ್ದರೆ ಯೂಟ್ಯೂಬಿನಲ್ಲೂ ಆಗುವುದಿಲ್ಲ.

ಎಲ್ಲ ಗುರುತು ಬಿದ್ದ ಮೇಲೂ ಕೂಡಲೇ ಪಬ್ಲಿಕ್ ಮಾಡುವುದಿಲ್ಲ. Unlisted ಇಟ್ಟು ಲಿಂಕನ್ನು ನನ್ನ ಫೋನಿಗೆ ಕಳಿಸುತ್ತಾಳೆ. ಏರಿಸಿದ ತಕ್ಷಣ ಚಿತ್ರ ಮಸುಕಾಗಿ ಕಾಣುವುದು ಸಹಜ. ಹೆಚ್ಚಿನ ಗುಣಮಟ್ಟದ ರೂಪ ತಯಾರಾಗಲು ಸಮಯ ಬೇಕು, ಅದಕ್ಕೆ ಗಾಬರಿಯಾಗಿ ಮತ್ತೆ ಏರಿಸಬಾರದು ಎಂದು ಕಾರ್ಡಿನ ಹಿಂಬದಿಯಲ್ಲಿ ಬರೆದಿದೆ. ಟೈಟಲ್, ಡಿಸ್ಕ್ರಿಪ್ಶನ್, ಟ್ಯಾಗ್, ಭಾಷೆ, ಥಂಬ್‌ನೇಲ್ ಇವೆಲ್ಲವನ್ನೂ ಆಮೇಲೆ ತಿದ್ದಬಹುದು. ಅದೇ ಲಿಂಕಿನಲ್ಲಿ ವಿಡಿಯೋ ಫೈಲನ್ನು ಬದಲಿಸಿ ಬೇರೆಯದನ್ನು ಇಡಲು ಮಾತ್ರ ಆಗುವುದಿಲ್ಲ. ಹಾಗಾಗಿ ಇಯರ್‌ಫೋನ್ ಹಾಕಿ ಅಳತೆ ಕೇಳುವ ಸಾಲನ್ನು ಈಗ ಕಾರ್ಡಿನ ಎಲ್ಲಕ್ಕಿಂತ ಮೇಲೆ, ಟೈಟಲ್‌ಗಿಂತ ಮೊದಲು ಬರೆದಿದ್ದೇನೆ. ಬಾಯಿತಪ್ಪಿ ಹೇಳಿದ ಅಳತೆ ಅಲ್ಲಿ ಸಿಕ್ಕರೆ, ಏರಿಸುವ ಮೊದಲೇ ಎಡಿಟಿಂಗ್‌ನಲ್ಲಿ ಆ ತುಂಡು ತೆಗೆದುಬಿಡಬಹುದು.