ಫೋನ್ ಸತ್ತರೂ ಮಾರ್ಕ್ಸ್‌ಕಾರ್ಡ್ ಹ್ಯಾಂಗ ಸಿಕ್ತು: ನನ್ನ ಅನುಭವ

ಕಲಬುರಗಿ ಸೂಪರ್ ಮಾರ್ಕೆಟ್ ಹತ್ರ ನಂದೊಂದು ಝೆರಾಕ್ಸ್, ಆನ್‌ಲೈನ್ ಅರ್ಜಿ ಹಾಕೋ ಅಂಗಡಿ ಅದ. ಅಡ್ಮಿಶನ್ ಟೈಮ್‌ನ್ಯಾಗ ಜೇವರ್ಗಿ ಕಡಿಂದ ಒಬ್ಬ ಹುಡುಗಿ ಅವರಪ್ಪನ ಜೋಡಿ ಬಂದಿದ್ಳು, ಫೋನ್ ನೀರಾಗ ಬಿದ್ದು ಸತ್ತಿತ್ತು, ಮಾರ್ಕ್ಸ್‌ಕಾರ್ಡ್, ಜಾತಿ-ಆದಾಯ ಸರ್ಟಿಫಿಕೇಟ್ ಎಲ್ಲಾ ಪಿಡಿಎಫ್ ಅದರಾಗೇ ಇದ್ವು. ಗೂಗಲ್ ಡ್ರೈವ್‌ಗೆ ಹಾಕೀನಿ ಅಂತ ಹುಡುಗಿ ಅಂದ್ಳು. ಅವರಪ್ಪಗ ನಂಬಿಕಿ ಬರವಲ್ದು. "ಫೋನೇ ಹೋಗ್ಯಾದ, ಒಳಗಿಂದು ಹ್ಯಾಂಗ ಬರ್ತದ ಸರ? ಮ್ಯಾಲ ಸ್ಯಾಟಲೈಟ್‌ನ್ಯಾಗ ಇರ್ತದೇನು?"

ಬಾಯಿಲೆ ಹೇಳೋದ್ಕಿಂತ ತೋರ್ಸೋದೇ ಛಲೋ ಅನ್ನಿಸ್ತು. ನನ್ನ ಫೋನ್‌ಲೆ ಒಂದು ರಸೀದಿ ಫೋಟೋ ಹೊಡದು ಡ್ರೈವ್‌ಗೆ ಹಾಕ್ದೆ, ಅಪ್‌ಲೋಡ್ ಪೂರ್ತಿ ಆದಮ್ಯಾಲ ಫೋನ್ ಅವರ ಎದುರಿಗೇ ಸ್ವಿಚ್ ಆಫ್ ಮಾಡಿ ಅವರ ಕೈಯಾಗೇ ಕೊಟ್ಟೆ, ಆಮ್ಯಾಲ ಅಂಗಡಿ ಕಂಪ್ಯೂಟರ್‌ನ್ಯಾಗ drive.google.com ತೆಗದು ನನ್ನ ಅಕೌಂಟ್‌ಲೆ ಒಳಗ ಹೋದೆ, ರಸೀದಿ ಅಲ್ಲೇ ಇತ್ತು. ಫೋನ್ ಬಂದ್ ಅದ ಅಂದ್ರ ಫೈಲ್ ಫೋನಿಂದ ಬಂದಿಲ್ಲ, ಇಷ್ಟು ಅವರಿಗೆ ಪಟ್ಟಂತ ತಿಳೀತು.

ಮತ್ತ ಎಲ್ಲಿಂದ ಬಂತು? ಸ್ಯಾಟಲೈಟ್ ಅಲ್ರಿ. ನಮ್ಮ ಫೋನಿಂದ ಟವರ್ ತನಕ ಗಾಳ್ಯಾಗ ಹೋಗ್ತದ, ಅಲ್ಲಿಂದ ಮುಂದ ಹೆಚ್ಚಾಗಿ ನೆಲದಾಗ ಹೂತಿರೋ ಫೈಬರ್ ಕೇಬಲ್, ದೇಶ ದಾಟಬೇಕಂದ್ರ ಮುಂಬೈ, ಚೆನ್ನೈ ಕಡಲಿಂದ ಸಮುದ್ರದ ತಳದ ಕೇಬಲ್. ಕೊನಿಗೆ ಅದು ಮುಟ್ಟೋದು ಡೇಟಾ ಸೆಂಟರ್ ಅನ್ನೋ ಕಟ್ಟಡಕ್ಕ. ಒಳಗ ಸಾಲುಸಾಲು ರ‍್ಯಾಕು, ಅದರಾಗ ಮಾನಿಟರ್ ಕೀಬೋರ್ಡ್ ಇಲ್ಲದ ಕಂಪ್ಯೂಟರ್‌ಗಳು, ಅವುಕ್ಕ ಹಾರ್ಡ್ ಡಿಸ್ಕು, ಎಸ್‌ಎಸ್‌ಡಿ, ಕರೆಂಟ್ ಹೋದ್ರ ಬ್ಯಾಟರಿ, ಜನರೇಟರ್. ಕ್ಲೌಡ್ ಅಂದ್ರ ಇದೇ ನೋಡ್ರಿ, ಬ್ಯಾರೆ ಏನಿಲ್ಲ. ಹಗಲಿ ರಾತ್ರಿ ಓಡೋ ಮಷೀನ್ ಅಂದ್ರ ವಿಪರೀತ ಕಾವು, ಅದಕ್ಕ ತಂಪು ಮಾಡೋದೇ ದೊಡ್ಡ ಕೆಲಸ, ಫಿನ್ಲೆಂಡಿನ ಹಮಿನಾದಾಗ ಗೂಗಲ್‌ನವರು ಹಳೇ ಕಾಗದದ ಮಿಲ್ ತಗೊಂಡು ಸಮುದ್ರದ ನೀರಿಲೆ ತಂಪು ಮಾಡ್ತಾರ. ನಮ್ಮ ಮೇ ತಿಂಗಳ ಬಿಸಲು ಕಂಡೋರಿಗೆ ಅದರ ಬೆಲಿ ಗೊತ್ತಾಗ್ತದ.

ಫೈಲ್ ಅಲ್ಲಿ ಮುಟ್ಟಿದ ಮ್ಯಾಲ ಒಂದೇ ಡಿಸ್ಕಿನಾಗ ಕೂಡಂಗಿಲ್ಲ. ತುಂಡು ಮಾಡಿ, ಪ್ರತಿ ತುಂಡಿಗೂ ಗುಪ್ತಲಿಪಿ ಹಾಕಿ, ಬ್ಯಾರೆ ಬ್ಯಾರೆ ಮಷೀನ್‌ನ್ಯಾಗ ಪ್ರತಿ ಇಡ್ತಾರ, ಹಿಂಗಾಗಿ ಒಂದು ಡಿಸ್ಕ್ ಕೆಟ್ರೂ ಮಾರ್ಕ್ಸ್‌ಕಾರ್ಡ್ ಹೋಗಂಗಿಲ್ಲ. ತಹಶೀಲ್ ಆಫೀಸಿನ ರೆಕಾರ್ಡ್ ರೂಮಿನಾಗ ಯಾವ ಕಟ್ಟು ಯಾವ ರ‍್ಯಾಕಿನಾಗ ಅಂತ ರಿಜಿಸ್ಟರ್ ಇರ್ತದಲ್ಲ, ಇಲ್ಲಿನೂ ಹಂಗೇ ಒಂದು ರಿಜಿಸ್ಟರ್ ಅದ: ಈ ಫೈಲ್ ನಂಬರ್, ಇಂಥ ಅಕೌಂಟಿಂದು, ತುಂಡುಗಳು ಇಂಥಲ್ಲಿ. ಅದರಾಗ ಫೋನಿನ ಹೆಸರಲೆ ಏನೂ ಇರಂಗಿಲ್ಲ, ಅಕೌಂಟಿನ ಹೆಸರಲೆ ಇರ್ತದ. ಅದಕ್ಕೇ ಯಾವ ಡಿವೈಸಿಂದ ಕೇಳಿದ್ರೂ ನಡೀತದ, ಕೇಳೋರು ಯಾರು ಅನ್ನೋದು ಖಾತ್ರಿ ಆದ್ರ ಸಾಕು, ತುಂಡು ಕೂಡಿಸಿ ಕಳಸ್ತದ.

ಆ ಹುಡುಗಿ ಪಾಸ್‌ವರ್ಡ್ ಹಾಕಿದಾಗ ಗೂಗಲ್, ನಿನ್ನ ಫೋನ್‌ನ್ಯಾಗ Yes ಒತ್ತು ಅಂತು. ಫೋನೇ ಇಲ್ಲ! Try another way ಒತ್ತಿದ್ರ ಮೆಸೇಜ್ ಕೋಡ್ ಕಳ್ಸೋ ಆಯ್ಕೆ ಬಂತು, ಸಿಮ್ ತೆಗದು ಅವರಪ್ಪನ ಫೋನಿಗೆ ಹಾಕಿದ್ವಿ, ಕೋಡ್ ಬಂತು, ಒಳಗ ಹೋದ್ವಿ. ಆದ್ರ ಫೋಲ್ಡರ್ ಖಾಲಿ! ವಿಚಾರಸಿದ್ರ ಅವಳ ಫೋನ್‌ನ್ಯಾಗ ಎರಡು ಜಿಮೇಲ್ ಇದ್ವು, ಫೈಲ್ ಇನ್ನೊಂದ್ರಾಗ ಹೋಗಿತ್ತು. ಅದರಾಗ ನೋಡಿದ್ರ ಮಾರ್ಕ್ಸ್‌ಕಾರ್ಡ್, ಜಾತಿ ಸರ್ಟಿಫಿಕೇಟ್ ಸಿಕ್ವು, ಆದಾಯದ್ದು ಇಲ್ಲ. Transfer files only over Wi-Fi ಚಾಲೂ ಇತ್ತಂತ, ಮನ್ಯಾಗ ವೈಫೈ ಇಲ್ಲ, ಹಾಸ್ಟೆಲ್ ಬಿಟ್ಟ ಮ್ಯಾಲ ಹಾಕಿದ್ದು ಫೋನ್‌ನ್ಯಾಗೇ ಕಾಯ್ಕೋತ ಕುಂತಿತ್ತು, ಅದರ ಜೋಡೀನೇ ನೀರಾಗ ಹೋತು. ಅದನ್ನ ನಾಡಕಚೇರಿ ಸೈಟಿಂದ ಮತ್ತ ತೆಗಿಬೇಕಾತು.

ಫೈಲ್ ಮ್ಯಾಲ ಮುಟ್ಟೇದೋ ಇಲ್ಲೋ ಅನ್ನೋದು ಅದೇ ಫೋನ್‌ನ್ಯಾಗ ನೋಡಿದ್ರ ಪಕ್ಕಾ ತಿಳಿಯಂಗಿಲ್ಲ, ಫೋನ್ ತನ್ನ ಹತ್ರ ಇರೋ ಪ್ರತಿನೂ ತೋರಸ್ತದ. ಬ್ಯಾರೆ ಡಿವೈಸ್‌ನ್ಯಾಗ ತೆಗದು ನೋಡ್ರಿ. ಈಗ ನನ್ನ ಅಂಗಡ್ಯಾಗ ಯಾರಾದ್ರೂ ಫೈಲ್ ಏರಸಿದ್ರ, Incognito ವಿಂಡೋದಾಗ ಅವರ ಕೈಲೇ ಲಾಗಿನ್ ಮಾಡ್ಸಿ, ಒಂದೊಂದು ಪಿಡಿಎಫ್ ತೆಗದು ನೋಡ್ಸಿ ವಿಂಡೋ ಮುಚ್ಚಸ್ತೀನಿ. ಎರಡು ಹಂತದ ಲಾಗಿನ್ ಇದ್ದೋರಿಗೆ ಅಕೌಂಟ್ ಸೆಟ್ಟಿಂಗಿನಾಗ Backup codes ಅಂತ ಹತ್ತು ಕೋಡ್ ಸಿಗ್ತಾವ, ಒಂದೊಂದು ಒಂದೇ ಸಲ ನಡೀತದ, ಅವನ್ನ ಪ್ರಿಂಟ್ ತೆಗದು ಕೊಡ್ತೀನಿ, ರೇಷನ್ ಕಾರ್ಡಿನ ಜೋಡಿ ಮನ್ಯಾಗ ಇಟ್ಗೊಳ್ರಿ ಅಂತ ಹೇಳ್ತೀನಿ.