ಗಡಿಯಾರ ಬಿಟ್ಟ ಮೇಲೆ ನೆಲೆನಿಂತ ರಜೆಯ ವೇಳಾಪಟ್ಟಿ

ನಾಲ್ಕನೆಯ ತರಗತಿ ಮುಗಿಸಿದ ಮಗನಿಗೆ ನಾನು ಹಾಕಿದ ವೇಳಾಪಟ್ಟಿ ಮೂರನೆಯ ಬೇಸಿಗೆಯಲ್ಲಿ ಕೊನೆಗೂ ನೆಲೆನಿಂತಿತು. ಸುಮಾರು 45 ದಿನಗಳಲ್ಲಿ ಅದು ತಪ್ಪಿದ್ದು ಏಳೆಂಟು ದಿನ, ಅದೂ ಮದುವೆಗಳಿಗೆ ಹೋದಾಗ. "ಒಂದು ವಾರ ನಡೆದರೆ ಹೆಚ್ಚು" ಎಂದಿದ್ದ ನಮ್ಮ ಯಜಮಾನರು ಈಗ ಅದನ್ನು ತಾವೇ ಮಾಡಿದಂತೆ ತಮ್ಮ ಅಕ್ಕನಿಗೆ ವಿವರಿಸುತ್ತಾರೆ.

ಮೊದಲ ವರ್ಷ ದಿನವನ್ನು ಅರ್ಧ ಗಂಟೆಯ ಚೌಕಗಳಾಗಿ ಸೀಳಿ ಗೋಡೆಗೆ ಅಂಟಿಸಿದ್ದೆ. ತಿಂಡಿ ಇಪ್ಪತ್ತು ನಿಮಿಷ ತಡವಾದರೆ ಮುಂದಿನದೆಲ್ಲ ಜಾರುತ್ತಿತ್ತು. "ಓದುವ ಹೊತ್ತು ಮುಗಿಯಿತಲ್ಲ ಅಮ್ಮ" ಎಂದು ಅವನು ನನ್ನ ಪಟ್ಟಿಯನ್ನೇ ನನಗೆ ತೋರಿಸುತ್ತಿದ್ದ. ಅದು ನಾಲ್ಕು ದಿನ ನಡೆಯಿತು. ಎರಡನೆಯ ವರ್ಷ ಬೇಸಿಗೆ ಶಿಬಿರಕ್ಕೆ ಆಟೋ ಸೇರಿ ಎಂಟು ಸಾವಿರದಷ್ಟು ಸುರಿದೆ. ಮಧ್ಯಾಹ್ನ ಒಂದಕ್ಕೆ ಮನೆಗೆ ಬಂದವನು ಸಂಜೆಯವರೆಗೂ ಮೊಬೈಲು ಬಿಡುತ್ತಿರಲಿಲ್ಲ. ಹತ್ತು ಪುಟ ಓದಿದರೆ ಹತ್ತು ನಿಮಿಷ ಮೊಬೈಲು ಎಂಬ ಲೆಕ್ಕ ತಂದಾಗ ಅವನು ಪುಟ ತಿರುವುವುದನ್ನು ಕಲಿತನೇ ಹೊರತು, ಕತೆ ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಕೆಲಸಕ್ಕೆ ಐದು ರೂಪಾಯಿ ಕೊಡುವ ಪ್ರಯೋಗವನ್ನೂ ಮಾಡಿದೆ. ಅಜ್ಜಿಗೆ ನೀರು ಕೊಡಲು ಅವನು ದರ ಕೇಳಿದ ದಿನವೇ ಅದನ್ನು ನಿಲ್ಲಿಸಿದೆ.

ಈ ವರ್ಷ ಗಂಟೆಗಳನ್ನು ಬಿಟ್ಟು ಬಿಸಿಲನ್ನು ಹಿಡಿದೆ. ದಾವಣಗೆರೆಯ ಬಿಸಿಲಿನಲ್ಲಿ ಹನ್ನೊಂದರ ಮೇಲೆ ಮಕ್ಕಳನ್ನು ಹೊರಗೆ ಬಿಡುವಂತಿಲ್ಲವಾದ್ದರಿಂದ ತಿಂಡಿಗೆ ಮೊದಲು ಆಟ, ತಿಂಡಿಯ ಮೇಲೆ ಕೆಲಸ, ಊಟದ ಮೇಲೆ ಓದು ಎಂಬ ಸರದಿಯನ್ನಷ್ಟೇ ಉಳಿಸಿಕೊಂಡೆ. ತಿಂಡಿ ತಡವಾದರೂ ಸರದಿ ಕೆಡುವುದಿಲ್ಲ. ಸೊಪ್ಪು ಬಿಡಿಸುವುದು, ತನ್ನ ತಟ್ಟೆ ತೊಳೆಯುವುದು ನಿತ್ಯದ ಕೆಲಸ. ಮಾಳಿಗೆಯ ಮೇಲೆ ಹಪ್ಪಳ ಒಣಹಾಕಿದ ದಿನಗಳಲ್ಲಿ ಮೆಟ್ಟಿಲ ಕೋಣೆಯ ನೆರಳಲ್ಲಿ ಕುಳಿತು ಕಾಗೆ ಕಾಯುವುದೂ ಅವನದೇ. ಅಲ್ಲಿ ಪುಸ್ತಕವಲ್ಲದೆ ಬೇರೇನೂ ಇರದಂತೆ ನೋಡಿಕೊಂಡಿದ್ದೆ. ಅತಿ ಹೆಚ್ಚು ಓದು ಆದದ್ದು ಅಲ್ಲಿಯೇ, ಹಪ್ಪಳ ಕಾಗೆಯ ಪಾಲಾದದ್ದೂ ಆ ದಿನಗಳಲ್ಲಿಯೇ.

ಎಲ್ಲಕ್ಕಿಂತ ಕಷ್ಟವಾದದ್ದು ಮೊಬೈಲು, ಟಿವಿ ನೋಡುವ ಹೊತ್ತು. ಊಟದ ಮೇಲೆ ಇಟ್ಟಾಗ, ಅದು ಮುಗಿದ ಮೇಲೆ ಆಸೆಯಿಂದ ಕಾಯುವಂಥದ್ದೇನೂ ಇಲ್ಲದ್ದರಿಂದ, ಮುಕ್ಕಾಲು ಗಂಟೆ ಎರಡು ಗಂಟೆಯಾಗುತ್ತಿತ್ತು. ಅದನ್ನು ನಾಲ್ಕೂಕಾಲಕ್ಕೆ ಸರಿಸಿ, ಮೊಬೈಲಿನ ಬದಲು ಟಿವಿಯಲ್ಲಿ ಮಾತ್ರ ಎಂದೆ. ಐದಕ್ಕೆ ಓಣಿಯ ಹುಡುಗರು ಬ್ಯಾಟು ಹಿಡಿದು ಕೂಗುತ್ತಾರೆ, ಅವನೇ ಟಿವಿ ಆರಿಸಿ ಓಡುತ್ತಾನೆ. ಮೇ ತಿಂಗಳ ಸಂಜೆಮಳೆ ಬಂದ ದಿನ ಮಾತ್ರ ಈ ಉಪಾಯ ಕೈಕೊಡುತ್ತದೆ. ಆಗ ಅತ್ತೆಯವರು ಚೌಕಾಬಾರದ ಕವಡೆ ತೆಗೆಯುತ್ತಾರೆ. ಐಪಿಎಲ್ ರಾತ್ರಿಗಳಿಗೆ ವಾರಕ್ಕೆ ಎರಡು ಪಂದ್ಯ, ಆ ದಿನ ಸಂಜೆಯ ಟಿವಿ ಇಲ್ಲ ಎಂದು ಒಪ್ಪಿಸಿದೆ. ಒಪ್ಪಿಸಿದ್ದು ಹೇಗೆ ಎಂಬುದು ಮುಂದಿನ ವರ್ಷಕ್ಕೂ ಬೇಕಾದ್ದರಿಂದ ಇಲ್ಲಿ ಬರೆಯುವುದಿಲ್ಲ.

ಈ ಬಾರಿಯ ಖರ್ಚು ಹಳೆಯ ಪುಸ್ತಕಗಳಿಗೆ ನಾನೂರು ಚಿಲ್ಲರೆ, ರಬ್ಬರ್ ಚೆಂಡುಗಳಿಗೆ ಹೆಚ್ಚುಕಡಿಮೆ ಅಷ್ಟೇ.