ಹಣ ಹೋದ ಮೇಲಿನ ಮೊದಲ ಒಂದು ಗಂಟೆ: ಭಾವನ ಪ್ರಕರಣದಲ್ಲಿ ನಾವು ಮಾಡಿದ್ದು

ಮೋಸಗಾರನಿಗೆ ಕಳುಹಿಸಿದ ಹಣ ಸಾಮಾನ್ಯವಾಗಿ ಅವನ ಸ್ವಂತ ಖಾತೆಗೆ ಹೋಗುವುದೇ ಇಲ್ಲ. ಕಮಿಷನ್ ಆಸೆಗೆ ಯಾರೋ ಬಾಡಿಗೆಗೆ ಕೊಟ್ಟ ಖಾತೆಗೆ ಮೊದಲು ಬೀಳುತ್ತದೆ. ಅಲ್ಲಿಂದ ಎರಡು ಮೂರು ಖಾತೆಗಳಿಗೆ ಹಂಚಿಹೋಗಿ, ಕೊನೆಗೆ ಎಲ್ಲೋ ಒಂದು ಎಟಿಎಂನಲ್ಲಿ ನೋಟಾಗಿ ಹೊರಬರುತ್ತದೆ. ನೋಟಾದ ಮೇಲೆ ಬ್ಯಾಂಕಿಗಾಗಲಿ ಪೊಲೀಸರಿಗಾಗಲಿ ತಡೆಹಿಡಿಯಲು ಏನೂ ಉಳಿದಿರುವುದಿಲ್ಲ. ಆದ್ದರಿಂದ ಮೊದಲ ಗಂಟೆಯಲ್ಲಿ ಕಳ್ಳ ಯಾರು ಎಂದು ಹುಡುಕುವುದಕ್ಕಿಂತ ಹಣ ಯಾವ ಖಾತೆಯಲ್ಲಿದೆ ಎಂದು ಹುಡುಕುವವರಿಗೆ ಸರಿಯಾದ ಸಂಖ್ಯೆ ತಲುಪಿಸುವುದು ಮುಖ್ಯ.

ಸಣ್ಣ ಅಂಗಡಿಗಳ ಲೆಕ್ಕ ಬರೆಯುವುದು ನನ್ನ ಕೆಲಸ. ಹೋದ ಹಣದ ಜಾಡು ಹಿಡಿಯುವುದು ದಿನನಿತ್ಯದ ಪಾಡು, ಅದಕ್ಕೇ ಇರಬೇಕು, ಹಾಸನದಿಂದ ಅಕ್ಕ ಮೊದಲು ನನಗೆ ಫೋನ್ ಮಾಡಿದಳು. ಭಾವ ಹಳೆಯ ಕಾರೊಂದರ ಜಾಹೀರಾತು ನೋಡಿದ್ದರು. ಮಾರುವವನು ತಾನು ಸೈನ್ಯದಲ್ಲಿದ್ದೇನೆ, ವರ್ಗವಾಗಿದೆ, ಕಾರನ್ನು ಸೈನ್ಯದ ಲಾರಿಯಲ್ಲೇ ಕಳುಹಿಸುತ್ತೇನೆ ಎಂದಿದ್ದ. ಬೆಳಿಗ್ಗೆ 10.15ಕ್ಕೆ ಮುಂಗಡವೆಂದು 18,000 ರೂಪಾಯಿ, 10.50ಕ್ಕೆ ಸಾಗಣೆಗೆಂದು 42,500 ರೂಪಾಯಿ, ಎರಡೂ ಯುಪಿಐ ಮೂಲಕ. 11.20ಕ್ಕೆ, ವಾಪಸ್ ಬರುವ ಠೇವಣಿ ಎಂದು, ಒಂದು ಖಾತೆ ಸಂಖ್ಯೆಗೆ 70,000 ರೂಪಾಯಿ ಐಎಂಪಿಎಸ್. ಒಟ್ಟು 1,30,500. ನಾಲ್ಕನೆಯ ಸಲ ‘ತಡವಾದ ದಂಡ’ ಎಂದು ಕೇಳಿದಾಗ ಅಕ್ಕನಿಗೆ ಅನುಮಾನ ಬಂತು. ನನಗೆ ಕರೆ ಬಂದಾಗ 11.40.

ಆ ಹೊತ್ತಿಗೆ ಭಾವ ಅವನ ಜೊತೆ ಫೋನಿನಲ್ಲಿ ಜಗಳಕ್ಕೆ ಇಳಿದಿದ್ದರು. ಮೊದಲು ಅದನ್ನು ನಿಲ್ಲಿಸಿದೆ. ಸಿಕ್ಕಿಬಿದ್ದೆ ಎಂದು ಅವನಿಗೆ ಗೊತ್ತಾದರೆ ಖಾತೆ ಇನ್ನೂ ಬೇಗ ಖಾಲಿಯಾಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ ಸಂದೇಶಗಳನ್ನು ಅವನ ಕಡೆಯಿಂದಲೇ ಅಳಿಸುವುದಕ್ಕೂ ಅವಕಾಶವಿದೆ. ಉತ್ತರ ಕೊಡಬೇಡಿ, ಬ್ಲಾಕ್ ಮಾಡಬೇಡಿ, ಏನನ್ನೂ ಅಳಿಸಬೇಡಿ ಎಂದೆ. ಪಿಯುಸಿ ಓದುವ ಅಕ್ಕನ ಮಗನಿಗೆ ಇಡೀ ಸಂಭಾಷಣೆಯ ಸ್ಕ್ರೀನ್‌ಶಾಟ್ ತೆಗೆಯುವ ಕೆಲಸ ಒಪ್ಪಿಸಿದೆ. ಮೋಸಗಾರನ ಹೆಸರಿನ ಮೇಲೆ ಒತ್ತಿದರೆ ಕಾಣುವ ಫೋನ್ ಸಂಖ್ಯೆಯ ಪುಟವನ್ನೂ ಸೇರಿಸಿ. ಬರೀ ಫೋಟೊ ಮತ್ತು ಹೆಸರು ಇರುವ ಸ್ಕ್ರೀನ್‌ಶಾಟ್‌ನಿಂದ ಯಾರಿಗೂ ಉಪಯೋಗವಿಲ್ಲ.

ಕರೆ ಮಾಡುವ ಮುಂಚೆ ಒಂದು ಹಾಳೆಯಲ್ಲಿ ಮೂರು ಪಾವತಿಗಳನ್ನೂ ಬರೆಸಿದೆ: ಸಮಯ, ಮೊತ್ತ, ಯಾವ ಯುಪಿಐ ಐಡಿಗೆ ಅಥವಾ ಖಾತೆಗೆ ಹೋಯಿತು, ಮತ್ತು ಯುಟಿಆರ್, ಅಂದರೆ ಆ ಪಾವತಿಯನ್ನು ಬ್ಯಾಂಕುಗಳು ಗುರುತಿಸುವ ಸಂಖ್ಯೆ. ಈ ಕೊನೆಯದರಲ್ಲೇ ಹೆಚ್ಚಿನವರು ಎಡವುತ್ತಾರೆ. ಯುಪಿಐ ಮತ್ತು ಐಎಂಪಿಎಸ್ ಪಾವತಿಗಳಿಗೆ ಅದು 12 ಅಂಕಿಗಳ ಸಂಖ್ಯೆ, ಅದರಲ್ಲಿ ಅಕ್ಷರಗಳಿರುವುದಿಲ್ಲ. ಫೋನ್‌ಪೇಯಲ್ಲಿ ಪಾವತಿಯ ವಿವರ ತೆರೆದರೆ T ಅಕ್ಷರದಿಂದ ಶುರುವಾಗುವ ಉದ್ದನೆಯ Transaction ID ಕಾಣುತ್ತದೆ. ಅದು ಆ್ಯಪ್‌ನ ಒಳಗಿನ ಸಂಖ್ಯೆ. ಬೇಕಾದದ್ದು ಅದೇ ಪುಟದಲ್ಲಿ UTR ಎಂದಿರುವುದು. ಗೂಗಲ್ ಪೇಯಲ್ಲಿ UPI transaction ID ಎಂದಿರುವುದನ್ನು ಬರೆದುಕೊಳ್ಳಬೇಕು, Google transaction ID ಅನ್ನು ಅಲ್ಲ. ಭಾವ ಮೊದಲ ಎರಡಕ್ಕೂ T ಸಂಖ್ಯೆಯನ್ನೇ ಬರೆದಿದ್ದರು. ಅದನ್ನು ತಿದ್ದಿಸಿ, ಬ್ಯಾಂಕಿನಿಂದ ಬಂದ ಎಸ್‌ಎಂಎಸ್‌ನ ಸಂಖ್ಯೆಯೊಂದಿಗೆ ತಾಳೆ ನೋಡಿದೆವು. ಇದಕ್ಕೆಲ್ಲ ಐದಾರು ನಿಮಿಷ ಹಿಡಿಯಿತು. ಆ ಐದಾರು ನಿಮಿಷ ದಂಡವಲ್ಲ. ಒಂದು ಅಂಕಿ ತಪ್ಪಿದರೂ ಬ್ಯಾಂಕಿಗೆ ಆ ಪಾವತಿ ಸಿಗುವುದಿಲ್ಲ.

ಆಮೇಲೆ ಭಾವ 1930ಕ್ಕೆ ಕರೆ ಮಾಡಿದರು. ಇದು ಕೇಂದ್ರ ಗೃಹ ಸಚಿವಾಲಯದ ವ್ಯವಸ್ಥೆಯ ಸಹಾಯವಾಣಿ, ಕರೆ ತೆಗೆದುಕೊಳ್ಳುವವರು ಆಯಾ ರಾಜ್ಯದ ಪೊಲೀಸರು. ಮೊದಲು 155260 ಇತ್ತು, ಹಳೆಯ ಚೀಟಿಗಳಲ್ಲಿ ಇನ್ನೂ ಅದೇ ಇರುತ್ತದೆ. ಎರಡು ಸಲ ಲೈನ್ ಸಿಗಲಿಲ್ಲ, ಮೂರನೆಯದಕ್ಕೆ ಸಿಕ್ಕಿತು. ಕರೆ ಸಿಗುವ ತನಕ ಸುಮ್ಮನೆ ಕೂರದೆ cybercrime.gov.in ತಾಣದಲ್ಲಿ ಹಣಕಾಸು ವಂಚನೆಯ ವಿಭಾಗದಲ್ಲಿ ನೇರವಾಗಿ ದೂರು ಶುರು ಮಾಡಬಹುದು. ಆದರೆ ಒಂದೇ ಘಟನೆಗೆ ಎರಡು ದೂರು ಹುಟ್ಟಿಸಬಾರದು. ಯಾವುದು ಮೊದಲು ದಾಖಲಾಯಿತೋ ಅದನ್ನೇ ಮುಂದುವರಿಸಬೇಕು.

ಕರೆಯಲ್ಲಿ ಕಥೆ ಹೇಳುವ ಅಗತ್ಯವಿಲ್ಲ. ಹೆಸರು, ಊರು, ಬ್ಯಾಂಕ್, ಖಾತೆ ಸಂಖ್ಯೆ ಕೇಳಿದರು, ಬಳಿಕ ಪಾವತಿಗಳ ವಿವರ. ಭಾವ ಸೈನಿಕನ ಕಥೆ ಶುರು ಮಾಡಿದಾಗ ಆ ಕಡೆಯ ಹೆಣ್ಣುಮಗಳು, “ಸರ್, ಅದನ್ನೆಲ್ಲ ಆಮೇಲೆ ಬರೆಯಬಹುದು, ಈಗ ಯುಟಿಆರ್ ಹೇಳಿ” ಎಂದರಂತೆ. ಮೂರೂ ಪಾವತಿಗಳನ್ನು ಬೇರೆ ಬೇರೆಯಾಗಿ ದಾಖಲಿಸಿಕೊಂಡರು. ಒಟ್ಟು ಮೊತ್ತ ಹೇಳಿ ಒಂದೇ ಸಂಖ್ಯೆ ಕೊಟ್ಟಿದ್ದರೆ ಉಳಿದೆರಡು ಪಾವತಿಗಳನ್ನು ಯಾರೂ ಹಿಂಬಾಲಿಸುತ್ತಿರಲಿಲ್ಲ. ಕರೆ ಮುಗಿದ ಮೇಲೆ ಸ್ವೀಕೃತಿ ಸಂಖ್ಯೆ ಎಸ್‌ಎಂಎಸ್‌ನಲ್ಲಿ ಬಂತು. ಆಗ 12.05.

ಈ ದೂರು ಒಳಗೆ ಹೇಗೆ ಓಡುತ್ತದೆ ಎಂದು ಆಮೇಲೆ ಠಾಣೆಯಲ್ಲಿ ತಿಳಿಯಿತು. ದೂರು ಕಂಪ್ಯೂಟರಿನಲ್ಲಿ ನಮ್ಮ ಬ್ಯಾಂಕಿಗೂ ಹಣ ಪಡೆದ ಬ್ಯಾಂಕಿಗೂ ಹೋಗುತ್ತದೆ. ಹಣ ಅಲ್ಲೇ ಇದ್ದರೆ ಆ ಬ್ಯಾಂಕ್ ಅಷ್ಟನ್ನು ತಡೆಹಿಡಿಯುತ್ತದೆ. ಮುಂದಕ್ಕೆ ಹೋಗಿದ್ದರೆ ಎಲ್ಲಿಗೆ ಎಂದು ನಮೂದಿಸುತ್ತದೆ, ದೂರು ಮುಂದಿನ ಬ್ಯಾಂಕಿಗೆ ಏರುತ್ತದೆ. ಇದನ್ನು ಪೊಲೀಸರು ಲೇಯರ್ ಎನ್ನುತ್ತಾರೆ: ಮೊದಲ ಲೇಯರ್, ಎರಡನೆಯ ಲೇಯರ್.

ಅತ್ತ ಭಾವ 1930ರಲ್ಲಿ ಮಾತನಾಡುತ್ತಿರುವಾಗಲೇ ಇತ್ತ ಅಕ್ಕನಿಗೆ ಬ್ಯಾಂಕಿನ ಕೆಲಸ ಹಚ್ಚಿದ್ದೆ. ಖಾತೆ ಇಬ್ಬರ ಹೆಸರಿನಲ್ಲೂ ಇದ್ದದ್ದು ಅನುಕೂಲವಾಯಿತು. ಅವಳು ಸಹಾಯವಾಣಿಯ ಸಂಖ್ಯೆಯನ್ನು ಗೂಗಲ್‌ನಲ್ಲಿ ಹುಡುಕಲು ಹೊರಟಿದ್ದಳು. ಹುಡುಕಾಟದಲ್ಲಿ ಮೇಲೆ ಬರುವ ‘ಕಸ್ಟಮರ್ ಕೇರ್’ ಸಂಖ್ಯೆಗಳಲ್ಲಿ ನಕಲಿಯವೂ ಇರುತ್ತವೆ, ಗಾಬರಿಯಲ್ಲಿದ್ದವರು ಎರಡನೆಯ ಸಲ ಮೋಸ ಹೋಗುವುದು ಅಲ್ಲೇ. ಡೆಬಿಟ್ ಕಾರ್ಡಿನ ಹಿಂಭಾಗದಲ್ಲಿ ಅಚ್ಚಾಗಿರುವ ಸಂಖ್ಯೆಗೆ ಮಾಡಿಸಿದೆ. ಕೇಳಬೇಕಾದದ್ದು ಎರಡೇ: ಯುಪಿಐ, ಕಾರ್ಡ್, ನೆಟ್ ಬ್ಯಾಂಕಿಂಗ್ ಮೂರನ್ನೂ ತಾತ್ಕಾಲಿಕವಾಗಿ ನಿಲ್ಲಿಸಿ, ಈ ಪಾವತಿಗಳನ್ನು ವಂಚನೆ ಎಂದು ದಾಖಲಿಸಿ ದೂರು ಸಂಖ್ಯೆ ಕೊಡಿ.

“ನೀವೇ ಪಿನ್ ಒತ್ತಿದ್ದೀರಿ, ನಾವೇನೂ ಮಾಡಲಾಗದು” ಎಂದು ಆ ಕಡೆಯವರು ಹೇಳಿದರು. ಹಣ ವಾಪಸ್ ತರುವ ವಿಷಯದಲ್ಲಿ ಆ ಮಾತು ತಪ್ಪಲ್ಲ. ಹೋದ ಯುಪಿಐ ಪಾವತಿಯನ್ನು ನಮ್ಮ ಬ್ಯಾಂಕ್ ತಾನಾಗಿ ಹಿಂದಕ್ಕೆ ಎಳೆಯಲಾರದು. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯ ಪ್ರಕಾರ, ತಪ್ಪು ಬ್ಯಾಂಕಿನದೂ ಅಲ್ಲದೆ ಗ್ರಾಹಕನದೂ ಅಲ್ಲದೆ ಹಣ ಹೋದಾಗ, 3 ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನ ಮೇಲೆ ಹೊಣೆಯಿಲ್ಲ. ಅದು ನಮಗೆ ಗೊತ್ತಿಲ್ಲದೆ ನಡೆದ ಪಾವತಿಗಳ ಮಾತು. ತಾನೇ ಕಳುಹಿಸಿದ ಹಣಕ್ಕೆ ಅದನ್ನು ತೋರಿಸಿ ವಾದಿಸಿದರೆ ಗಂಟೆ ಕಳೆಯುತ್ತದೆ ಅಷ್ಟೇ. ಆದರೆ ದೂರು ದಾಖಲಿಸುವುದಿಲ್ಲ ಎನ್ನಲು ಅವರಿಗೆ ಅವಕಾಶವಿಲ್ಲ. ಅಕ್ಕ ಪಟ್ಟು ಹಿಡಿದು ಸಂಖ್ಯೆ ಪಡೆದಳು. ಅದೇ ವಿವರವನ್ನು, 1930ರ ಸ್ವೀಕೃತಿ ಸಂಖ್ಯೆ ಸೇರಿಸಿ, ಶಾಖೆಗೆ ಇಮೇಲ್ ಮಾಡಿದೆವು. ಯಾವ ಹೊತ್ತಿಗೆ ತಿಳಿಸಿದೆವು ಎಂಬುದಕ್ಕೆ ಆ ಇಮೇಲ್ ಸಾಕ್ಷಿ. ಶಾಖೆಗೇ ಓಡಿಹೋಗಿ ಸಾಲಿನಲ್ಲಿ ನಿಲ್ಲುವ ಯೋಚನೆ ಭಾವನಿಗಿತ್ತು. ಅದನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ ಎಂದೆ.

ನಡುವೆ ಒಂದು ಪ್ರಶ್ನೆ ಕೇಳಲೇಬೇಕಿತ್ತು: ಅವನು ಕಳುಹಿಸಿದ ಯಾವುದಾದರೂ ಫೈಲನ್ನು ಫೋನಿಗೆ ಹಾಕಿಕೊಂಡಿದ್ದೀರಾ? ಭಾವ ಹಾಕಿಕೊಂಡಿರಲಿಲ್ಲ. ಹಾಕಿಕೊಂಡಿದ್ದರೆ ಕ್ರಮವೇ ಬದಲಾಗುತ್ತಿತ್ತು. .apk ಎಂದು ಕೊನೆಯಾಗುವ ಫೈಲು ಒಳಸೇರಿದರೆ ಒಟಿಪಿಗಳು ಅವನಿಗೂ ತಲುಪಬಹುದು. ಆಗ ಆ ಫೋನನ್ನು ತಕ್ಷಣ ಏರೋಪ್ಲೇನ್ ಮೋಡ್‌ಗೆ ಹಾಕಿ, ವೈಫೈ ಕೂಡ ಆರಿಸಿ, ಎಲ್ಲ ಕರೆಗಳನ್ನೂ ಬೇರೆ ಫೋನಿನಿಂದ ಮಾಡಬೇಕು. ಅವನ ಮಾತು ಕೇಳಿ ಯಾವುದಾದರೂ ಕೋಡ್ ಒತ್ತಿದ್ದರೆ ನಿಮ್ಮ ಕರೆಗಳು ಅವನ ಕಡೆಗೆ ತಿರುಗಿರಬಹುದು. ಆಗ ಸಿಮ್ ತೆಗೆದು ಬೇರೆ ಫೋನಿಗೆ ಹಾಕಿ ಇದನ್ನು ಒತ್ತಿದರೆ ತಿರುಗಿಸಿದ್ದೆಲ್ಲ ರದ್ದಾಗುತ್ತದೆ:

```
##002#
```

ತಾಣದಲ್ಲಿ ದೂರನ್ನು ಪೂರ್ಣಗೊಳಿಸುವುದು ಉಳಿದಿತ್ತು. 1930ರ ಕರೆಯ ನಂತರ 24 ಗಂಟೆಯೊಳಗೆ ಇದನ್ನು ಮಾಡಬೇಕು. ಕರೆ ಮಾಡಿದ್ದೇ ಸಾಕೆಂದು ಬಹಳ ಜನ ಇಲ್ಲಿ ಬಿಟ್ಟುಬಿಡುತ್ತಾರೆ. ಕಥೆ ಬರೆಯುವ ಜಾಗ ಇದೇ. ಆ ಪೆಟ್ಟಿಗೆಯಲ್ಲಿ ಕನಿಷ್ಠ 200 ಅಕ್ಷರಗಳಿರಬೇಕು, ವಿಶೇಷ ಚಿಹ್ನೆಗಳನ್ನು ಅದು ಒಪ್ಪುವುದಿಲ್ಲ. ಹುಡುಗ ಯುಪಿಐ ಐಡಿಯನ್ನು @ ಸಹಿತ ಅಲ್ಲಿ ಬರೆದು, ಪುಟ ಮುಂದೆ ಹೋಗದೆ ಒದ್ದಾಡುತ್ತಿದ್ದ. ಐಡಿಗೆ ಬೇರೆ ಜಾಗವಿದೆ. ಪೆಟ್ಟಿಗೆಯಲ್ಲಿ ಸರಳ ವಾಕ್ಯಗಳು ಸಾಕು. ಸ್ಕ್ರೀನ್‌ಶಾಟ್‌ಗಳು, ಬ್ಯಾಂಕಿನ ಸ್ಟೇಟ್‌ಮೆಂಟ್, ಗುರುತಿನ ಚೀಟಿಯ ಪ್ರತಿ ಸೇರಿಸಿ ಸಲ್ಲಿಸಿ, ದೂರಿನ ಪಿಡಿಎಫ್ ಇಳಿಸಿಕೊಂಡೆವು.

ಸಂಜೆ ಭಾವನಿಗೆ ಒಂದು ಕರೆ ಬಂತು. “ಸೈಬರ್ ಕಚೇರಿಯಿಂದ, ನಿಮ್ಮ ಹಣ ಸಿಕ್ಕಿದೆ, ಬಿಡುಗಡೆ ಶುಲ್ಕ 2,999 ಕಟ್ಟಿ.” ಪೊಲೀಸರು ಶುಲ್ಕವನ್ನೂ ಒಟಿಪಿಯನ್ನೂ ಕೇಳುವುದಿಲ್ಲ. ಆ ಸಂಖ್ಯೆಯನ್ನೂ ಬರೆದಿಟ್ಟುಕೊಂಡು ಠಾಣೆಗೆ ಕೊಟ್ಟೆವು.

ಫಲ ಹೀಗಾಯಿತು. ಮೊದಲಿನ 18,000 ಪೂರ್ತಿ ಹೋಗಿತ್ತು, ದೂರು ತಲುಪುವ ಮುಂಚೆಯೇ ಎಟಿಎಂನಿಂದ ತೆಗೆದಿದ್ದರು. 42,500ರಲ್ಲಿ ಎರಡನೆಯ ಲೇಯರ್‌ನ ಖಾತೆಯೊಂದರಲ್ಲಿ 11,000 ಸಿಕ್ಕಿತು. ಕೊನೆಯ 70,000ದಲ್ಲಿ 61,000 ಮೊದಲ ಖಾತೆಯಲ್ಲೇ ಇತ್ತು. ಅದು ಹೋಗಿ 45 ನಿಮಿಷಕ್ಕೆ ದೂರು ದಾಖಲಾಗಿತ್ತು, ಮೊದಲನೆಯದಕ್ಕೆ ಆ ಹೊತ್ತಿಗೆ ಎರಡು ಗಂಟೆ ಸಮೀಪಿಸಿತ್ತು.

ತಡೆಹಿಡಿದ ಹಣ ತಾನಾಗಿ ನಮ್ಮ ಖಾತೆಗೆ ಬರಲಿಲ್ಲ. ಜಿಲ್ಲೆಯ ಸಿಇಎನ್ ಠಾಣೆಗೆ, ಅಂದರೆ ಸೈಬರ್, ಆರ್ಥಿಕ ಮತ್ತು ಮಾದಕ ವಸ್ತು ಅಪರಾಧಗಳ ಠಾಣೆಗೆ, ಹೋಗಿ ಎಫ್‌ಐಆರ್ ಮಾಡಿಸಿದೆವು. ಬಳಿಕ ವಕೀಲರ ಮೂಲಕ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 503ನೆಯ ಕಲಂ ಅಡಿ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಅರ್ಜಿ. ಅದಕ್ಕೆ ಬೇಕಾದದ್ದು ಎಫ್‌ಐಆರ್ ಪ್ರತಿ, ತಾಣದ ದೂರಿನ ಪಿಡಿಎಫ್, ಪಾವತಿಗಳು ಕಾಣುವ ಸ್ಟೇಟ್‌ಮೆಂಟ್, ಜೊತೆಗೆ ಯಾವ ಬ್ಯಾಂಕಿನ ಯಾವ ಖಾತೆಯಲ್ಲಿ ಎಷ್ಟು ತಡೆದಿದ್ದಾರೆ ಎಂಬ ಪೊಲೀಸರ ವರದಿ. ಎರಡು ಬ್ಯಾಂಕುಗಳಿದ್ದುದರಿಂದ ಆದೇಶದಲ್ಲಿ ಎರಡರ ಹೆಸರೂ ಮೊತ್ತವೂ ಬೇರೆ ಬೇರೆ ಇರುವಂತೆ ವಕೀಲರಿಗೆ ಮೊದಲೇ ಹೇಳಿದ್ದೆ. ಆದೇಶದ ದೃಢೀಕೃತ ಪ್ರತಿಯನ್ನು ಠಾಣೆಯವರೇ ಬ್ಯಾಂಕುಗಳಿಗೆ ಕಳುಹಿಸಿದರು. 61,000 ಮೊದಲು ಬಂತು, 11,000 ಬರಲು ಇನ್ನೂ ಕೆಲವು ವಾರ ಹಿಡಿಯಿತು.